ಬಿಳಿ ಹೊಳಪು ಸಾಕ್ಷಿಯಲ್ಲ, ಹಕ್ಕಿಯ ಸುತ್ತಲಿನ ಆಕಾಶ ನೋಡಿ

ಪ್ರಶ್ನೆ: ನಮ್ಮ ಕನ್ನಡ ಸಂಘದ ಫೋಟೊ ಸ್ಪರ್ಧೆಯ ನಿಸರ್ಗ ವಿಭಾಗಕ್ಕೆ ಮುಂಬಯಿಯ ಶಿವಡಿಯ ಫ್ಲೆಮಿಂಗೊಗಳ ಚಿತ್ರವೊಂದು ಬಂದಿದೆ. ಮುಂದೆ ಹಾರುತ್ತಿರುವ ದೊಡ್ಡ ಹಕ್ಕಿಯನ್ನು ಬೇರೆಲ್ಲಿಂದಲೋ ತಂದು ಅಂಟಿಸಿದ್ದಾರೆ ಅಂತ ತೀರ್ಪುಗಾರರಲ್ಲಿ ಒಬ್ಬರ ಅನುಮಾನ. ನನ್ನ ಮಗ ನೆಟ್‌ನಲ್ಲಿ ಯಾವುದೋ 'ಎರರ್ ಲೆವೆಲ್' ಪರೀಕ್ಷೆ ಮಾಡಿದ, ಆ ಹಕ್ಕಿ ಬೆಳ್ಳಗೆ ಹೊಳೆಯಿತು. ಇದು ಸಾಕ್ಷಿ ಆಗುತ್ತದೆಯೇ? ಕಳಿಸಿದವರು ಸಂಘದ ಹಳೇ ಸದಸ್ಯರು, ಸುಮ್ಮನೆ ಆರೋಪ ಹೊರಿಸಲು ಮನಸ್ಸಿಲ್ಲ. ಎಡಿಟ್ ಮಾಡಿದ್ದೇನೆ ಅಂತ ಅವರು ಮೊದಲೇ ಬರೆದಿದ್ದರೆ ತಪ್ಪಾಗುತ್ತಿತ್ತೇ? — ಸ್ಪರ್ಧೆಯ ಸಂಚಾಲಕರು, ಡೊಂಬಿವಲಿ ಪೂರ್ವ

ಉತ್ತರ: ಆ ಬಿಳಿ ಹೊಳಪು ಸಾಕ್ಷಿ ಆಗುವುದಿಲ್ಲ. ಆದರೆ ನಿಮ್ಮ ತೀರ್ಪುಗಾರರ ಕಣ್ಣು ಸುಳ್ಳು ಹೇಳಿಲ್ಲ. ಹಕ್ಕಿ ಹೊರಗಿನಿಂದ ಬಂದದ್ದೇ ಎಂದು ನನಗೂ ಅನ್ನಿಸುತ್ತದೆ. ಹಾಗನ್ನಿಸಲು ಕಾರಣ ಹಕ್ಕಿಯ ಮೈಮೇಲಿಲ್ಲ, ಅದರ ರೆಕ್ಕೆಗೂ ಕಾಲಿಗೂ ನಡುವೆ ಉಳಿದಿರುವ ತುಂಡು ಆಕಾಶದಲ್ಲಿದೆ. ಅಲ್ಲಿಗೆ ಬರುವ ಮುಂಚೆ ಒಂದೆರಡು ವಿಷಯ ಬಿಡಿಸಿ ಹೇಳಬೇಕು. ಯಾಕೆಂದರೆ ನಾಳೆ ಸಮಿತಿಯ ಸಭೆಯಲ್ಲಿ ಇದನ್ನು ವಿವರಿಸಬೇಕಾದವರು ನೀವು, ನಾನಲ್ಲ.

ಮೊದಲು ಫೈಲಿನ ಮಾತು. ನೀವು ಮೊದಲ ಸಲ ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರವನ್ನು ನಾನು ತೆರೆದು ನೋಡಿ ಹಾಗೇ ಬದಿಗಿಟ್ಟೆ. ಫೋಟೊ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಚಿಕ್ಕದು ಮಾಡುತ್ತದೆ, ಸಾಮಾನ್ಯವಾಗಿ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಆಮೇಲೆ ಇಡೀ ಚಿತ್ರವನ್ನು ಹೊಸದಾಗಿ ಒತ್ತಿ, ಅಂದರೆ ಕಂಪ್ರೆಸ್ ಮಾಡಿ, ಸೇವ್ ಮಾಡುತ್ತದೆ. ಕ್ಯಾಮೆರಾದ ಹೆಸರು, ತೆಗೆದ ಹೊತ್ತು ಎಲ್ಲ ಅಳಿಸಿಹೋಗುತ್ತದೆ. ಅಂಟಿಸಿದ ಭಾಗಕ್ಕೂ ಉಳಿದ ಭಾಗಕ್ಕೂ ಇದ್ದ ವ್ಯತ್ಯಾಸ ಈ ಹೊಸ ಒತ್ತಿನಲ್ಲಿ ಸವೆದು ಒಂದಾಗುತ್ತದೆ. ಅಂಥ ಫೈಲಿನಲ್ಲಿ ಏನೂ ಸಿಗದಿದ್ದರೆ 'ಚಿತ್ರ ಶುದ್ಧ' ಎಂದಲ್ಲ, 'ನೋಡಲು ಏನೂ ಉಳಿದಿಲ್ಲ' ಎಂದಷ್ಟೇ ಅರ್ಥ. ಆಮೇಲೆ ನೀವು ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದಿರಲ್ಲ, ಸ್ಪರ್ಧೆಯ ಮೇಲ್‌ಗೆ ಬಂದ ಮೂಲ ಫೈಲು, ಕೆಲಸ ಮಾಡಿದ್ದು ಅದರ ಮೇಲೆ. ಮುಂದೆ ಯಾರಿಗೆ ಯಾವ ಚಿತ್ರ ಪರೀಕ್ಷೆಗೆ ಕೊಡುವುದಾದರೂ ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಮೂಲ ಫೈಲು ಕೈಗೆ ಬಂದ ಕೂಡಲೇ ಅದರ ಜಾತಕ, ಅಂದರೆ ಫೈಲಿನೊಳಗೆ ಬರೆದಿರುವ ವಿವರಗಳನ್ನು, exiftool ಎಂಬ ತಂತ್ರಾಂಶದಲ್ಲಿ ನೋಡುವುದು ನನ್ನ ಅಭ್ಯಾಸ:

```
exiftool -G1 -a -s entry.jpg
```

ಇದರಲ್ಲಿ Software ಎಂಬ ಸಾಲಿನಲ್ಲಿ ಫೋಟೊಶಾಪ್ ಹೆಸರು ಕಂಡಿತು. ಕೆಲವರು ಇಷ್ಟು ಕಂಡರೆ ಸಾಕು, 'ಸಿಕ್ಕಿಬಿದ್ದ' ಎಂದು ಕುಣಿಯುತ್ತಾರೆ. ರಾ ಫೈಲು, ಅಂದರೆ ಕ್ಯಾಮೆರಾ ತಿದ್ದದೆ ಇಡುವ ಕಚ್ಚಾ ಫೈಲು, ತೆಗೆಯುವವರು ಹೆಚ್ಚಾಗಿ ಅದನ್ನು ಯಾವುದೋ ಒಂದು ತಂತ್ರಾಂಶದಲ್ಲಿ ತೆರೆದೇ ಜೆಪೆಗ್ ಮಾಡುತ್ತಾರೆ. ಚಿತ್ರ ಕ್ಯಾಮೆರಾದಿಂದ ನೇರ ಬಂದದ್ದಲ್ಲ ಎನ್ನುವುದಕ್ಕಿಂತ ಹೆಚ್ಚಿನದನ್ನು ಆ ಸಾಲು ಹೇಳುವುದಿಲ್ಲ. ನಿಮ್ಮ ಸ್ಪರ್ಧೆಗೆ ಬಂದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಹಾಗೆಯೇ ಇದ್ದೀತು.

ಈಗ ಜೆಪೆಗ್ ಏನು ಮಾಡುತ್ತದೆ ಎನ್ನುವುದು. ಅದು ಚಿತ್ರವನ್ನು ಎಡ ಮೇಲಿನ ಮೂಲೆಯಿಂದ ಶುರುಮಾಡಿ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲಿ ಬೆಳಕು ಎಷ್ಟು ನಿಧಾನವಾಗಿ, ಎಷ್ಟು ಬೇಗ ಏರಿಳಿಯುತ್ತದೆ ಎನ್ನುವುದನ್ನು 64 ಸಂಖ್ಯೆಗಳಲ್ಲಿ ಬರೆಯುತ್ತದೆ. ಆಮೇಲೆ ಆ ಒಂದೊಂದು ಸಂಖ್ಯೆಯನ್ನೂ ಒಂದು ಕೋಷ್ಟಕದಲ್ಲಿರುವ ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ಚಿತ್ರದ ಮಾಹಿತಿ ಕಳೆದುಹೋಗುವುದು ಹೆಚ್ಚಾಗಿ ಈ ಹಂತದಲ್ಲೇ. ಕ್ವಾಲಿಟಿ ಎಂದು ನಾವು ಆರಿಸುವುದು ಈ ಕೋಷ್ಟಕವನ್ನು. ಬಹಳ ಕಡೆ ಬಳಕೆಯಲ್ಲಿರುವ ಕೋಷ್ಟಕದಲ್ಲಿ ಒಂದು ಜಾಗ ಹಿಡಿದು ನೋಡಿದರೆ, ಕ್ವಾಲಿಟಿ 75ಕ್ಕೆ ಅಲ್ಲಿ 8 ಇರುತ್ತದೆ, 95ಕ್ಕೆ 2 ಇರುತ್ತದೆ. 75ರಲ್ಲಿ ಸೇವ್ ಆದ ಚಿತ್ರದಲ್ಲಿ ಆ ಜಾಗಕ್ಕೆ 0, 8, 16, 24 ಹೀಗೆ ಎಂಟರ ಮಗ್ಗಿಯ ಬೆಲೆಗಳು ಮಾತ್ರ ಉಳಿಯುತ್ತವೆ. ಅದೇ ಚಿತ್ರವನ್ನು ಆಮೇಲೆ 95ರಲ್ಲಿ ಸೇವ್ ಮಾಡಿದರೂ ಎಂಟರ ಮಗ್ಗಿಯ ಗುರುತು ಹೋಗುವುದಿಲ್ಲ, ನಡುವಿನ 2, 4, 6ರ ಜಾಗಗಳು ಬಹುಮಟ್ಟಿಗೆ ಖಾಲಿಯೇ ಇರುತ್ತವೆ. ಅಂದರೆ ಚಿತ್ರದ ಒಂದೊಂದು ಭಾಗವೂ ತಾನು ಹಿಂದೆ ಯಾವ ಒತ್ತಿನಿಂದ ಬಂದೆ ಎನ್ನುವುದನ್ನು ಸ್ವಲ್ಪಮಟ್ಟಿಗೆ ನೆನಪಿಟ್ಟುಕೊಂಡಿರುತ್ತದೆ. ಅಸಮ ಕಂಪ್ರೆಷನ್ ಹುಡುಕುವುದು ಎಂದರೆ, ಒಂದೇ ಚಿತ್ರದ ಎರಡು ಭಾಗಗಳಿಗೆ ಬೇರೆ ಬೇರೆ ನೆನಪು ಇದೆಯೇ ಎಂದು ನೋಡುವುದು.

ನಿಮ್ಮ ಮಗ ಬಳಸಿದ ಎರರ್ ಲೆವೆಲ್ ಪರೀಕ್ಷೆ ಇದನ್ನು ತೀರಾ ಒರಟಾಗಿ ಮಾಡುತ್ತದೆ. ಚಿತ್ರವನ್ನು ಇನ್ನೊಮ್ಮೆ ಗೊತ್ತಾದ ಒಂದು ಕ್ವಾಲಿಟಿಯಲ್ಲಿ ಸೇವ್ ಮಾಡಿ, ಹಳೆಯದಕ್ಕೂ ಹೊಸದಕ್ಕೂ ಪಿಕ್ಸೆಲ್ ಪಿಕ್ಸೆಲ್ ವ್ಯತ್ಯಾಸ ತೆಗೆದು, ಕಣ್ಣಿಗೆ ಕಾಣುವಷ್ಟು ಹೆಚ್ಚಿಸಿ ತೋರಿಸುತ್ತದೆ. ಯಾವ ವೆಬ್‌ಸೈಟೂ ಬೇಕಾಗಿಲ್ಲ, ImageMagick ಎಂಬ ತಂತ್ರಾಂಶ ಹಾಕಿಕೊಂಡರೆ ಮನೆಯ ಕಂಪ್ಯೂಟರಿನಲ್ಲೇ ಎರಡು ಸಾಲಿನಲ್ಲಿ ಆಗುತ್ತದೆ:

```
magick entry.jpg -quality 95 resaved.jpg
magick entry.jpg resaved.jpg -compose difference -composite -evaluate multiply 20 ela.png
```

ಬೆಳ್ಳಗೆ ಕಂಡದ್ದು ಹೆಚ್ಚು ಬದಲಾದ ಜಾಗ, ಕಪ್ಪಗೆ ಕಂಡದ್ದು ಬದಲಾಗದ ಜಾಗ. ಇಷ್ಟೇ ಅದರ ಅರ್ಥ. ಈಗ ಯೋಚಿಸಿ, ಯಾವ ಜಾಗ ಹೆಚ್ಚು ಬದಲಾಗುತ್ತದೆ? ಒಂದೇ ಬಣ್ಣದ ಆಕಾಶದಲ್ಲಿ ಕಳೆದುಕೊಳ್ಳಲು ಏನೂ ಇಲ್ಲ, ಅದು ಕಪ್ಪಾಗಿಯೇ ಇರುತ್ತದೆ. ಕಪ್ಪು ಗರಿಯ ಅಂಚು ತಿಳಿ ಆಕಾಶಕ್ಕೆ ತಾಗುವ ಕಡೆ, ಗರಿಗಳ ಸಣ್ಣ ಗೆರೆಗಳ ಕಡೆ ಬದಲಾವಣೆ ಜಾಸ್ತಿ. ಇನ್ನು ಬಣ್ಣವನ್ನು ಜೆಪೆಗ್ ಸಾಮಾನ್ಯವಾಗಿ ಬೆಳಕಿನಷ್ಟು ವಿವರವಾಗಿ ಇಟ್ಟುಕೊಳ್ಳುವುದಿಲ್ಲ, ಅರ್ಧ ಅಳತೆಗೆ ಇಳಿಸಿ ಇಡುತ್ತದೆ. ಹಾಗಾಗಿ ಗಾಢ ಕೆಂಪು, ಗುಲಾಬಿಯ ಅಂಚುಗಳು ಇನ್ನೂ ಹೊಳೆಯುತ್ತವೆ. ಗುಲಾಬಿ ರೆಕ್ಕೆ, ಕಪ್ಪು ಹಾರುಗರಿ, ಹಿಂದೆ ಬರೀ ಆಕಾಶ: ಫ್ಲೆಮಿಂಗೊ ಈ ಪರೀಕ್ಷೆಯಲ್ಲಿ ಹೊಳೆಯದೆ ಇನ್ನೇನು ಮಾಡೀತು ಮಾರಾಯ್ರೆ! ನೀವೇ ಕ್ಯಾಮೆರಾ ಹಿಡಿದು ತೆಗೆದ, ಯಾರೂ ಮುಟ್ಟದ ಫ್ಲೆಮಿಂಗೊ ಚಿತ್ರ ಹಾಕಿದರೂ ಹಕ್ಕಿ ಬೆಳ್ಳಗೇ ಬರುತ್ತದೆ.

ಈ ಪರೀಕ್ಷೆಯಿಂದ ಸ್ವಲ್ಪವಾದರೂ ಉಪಯೋಗ ಆಗಬೇಕಾದರೆ ಹಕ್ಕಿಯನ್ನು ಹಕ್ಕಿಯ ಜೊತೆ ಹೋಲಿಸಬೇಕು, ಆಕಾಶದ ಜೊತೆ ಅಲ್ಲ. ನಿಮ್ಮ ಚಿತ್ರದಲ್ಲಿ ಹಿಂದೆ ಒಂದು ಸಾಲು ಚಿಕ್ಕ ಹಕ್ಕಿಗಳಿವೆ. ಅವೂ ಹೊಳೆಯುತ್ತವೆ, ದೊಡ್ಡದು ಅವಕ್ಕಿಂತ ಒಂದು ಕೈ ಮೇಲು. ಅದು ಅನುಮಾನಕ್ಕೆ ದಾರಿ ಸರಿ. ಆದರೆ ದೊಡ್ಡದು ಫೋಕಸ್‌ನಲ್ಲಿದೆ, ಚಿಕ್ಕವು ಬೆಳಗಿನ ಮಂಜಿನಲ್ಲಿ ಮಸುಕಾಗಿವೆ. ಫೋಕಸ್ ವ್ಯತ್ಯಾಸವೊಂದೇ ಇಷ್ಟು ಹೊಳಪಿನ ವ್ಯತ್ಯಾಸ ತರಬಲ್ಲದು. ಹಾಗಾಗಿ ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಉತ್ತರ 'ಗೊತ್ತಾಗುವುದಿಲ್ಲ' ಎಂದಾಗುತ್ತಿತ್ತು.

ಈ ಪರೀಕ್ಷೆಯನ್ನು ನಂಬಿ ದೊಡ್ಡವರೂ ಎಡವಿದ ಉದಾಹರಣೆ ಇದೆ. ಸ್ವೀಡನ್ನಿನ ಛಾಯಾಗ್ರಾಹಕ ಪಾಲ್ ಹ್ಯಾನ್ಸನ್ 2012ರಲ್ಲಿ ಗಾಜಾದಲ್ಲಿ ತೆಗೆದ ಶವಯಾತ್ರೆಯ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆಯ ವರ್ಷದ ಪ್ರಶಸ್ತಿ ಬಂತು. 2013ರ ಮೇ ತಿಂಗಳಲ್ಲಿ, ಎರರ್ ಲೆವೆಲ್ ಪರೀಕ್ಷೆಯನ್ನು ಜನಪ್ರಿಯಗೊಳಿಸಿದ ನೀಲ್ ಕ್ರಾವೆಟ್ಜ್ ಅವರೇ ಆ ಚಿತ್ರ ಹಲವು ಫೋಟೊಗಳನ್ನು ಸೇರಿಸಿ ಮಾಡಿದ್ದು ಎಂದು ಬರೆದರು. ಸಂಸ್ಥೆ ಮೂಲ ರಾ ಫೈಲನ್ನು ಹೊರಗಿನ ತಜ್ಞರಿಗೆ ಕೊಟ್ಟು ನೋಡಿಸಿತು. ಅವರಲ್ಲಿ ಈ ಕ್ಷೇತ್ರದ ಹಿರಿಯ ಹ್ಯಾನಿ ಫರೀದ್ ಕೂಡ ಇದ್ದರು. ಚಿತ್ರ ಒಂದೇ ಕ್ಲಿಕ್ಕಿನದು, ಅಲ್ಲಲ್ಲಿ ಬೆಳಕು, ಬಣ್ಣ ಮಾತ್ರ ತಿದ್ದಿದೆ ಎಂದು ತೀರ್ಮಾನವಾಯಿತು. ಒಂದು ಕಡೆ ಬೆಳಕು ಏರಿಸಿ ಇನ್ನೊಂದು ಕಡೆ ಇಳಿಸಿದರೂ ಈ ಪರೀಕ್ಷೆಯಲ್ಲಿ ಚಿತ್ರ ತೇಪೆ ಹಾಕಿದಂತೆ ಕಾಣುತ್ತದೆ. ಜಗಳ ಬಗೆಹರಿದದ್ದು ಹೊಳಪಿನಿಂದಲ್ಲ, ರಾ ಫೈಲಿನಿಂದ ಎನ್ನುವುದನ್ನು ನಿಮ್ಮ ಸಮಿತಿಯವರಿಗೆ ಹೇಳಿ.

ಸರಿ, ಆಕಾಶಕ್ಕೆ ಬರೋಣ. ಒಂದು ಮನೆಯ ಬಚ್ಚಲಿನ ಟೈಲ್ಸ್ ಗೋಡೆಯ ಒಂದು ಭಾಗವನ್ನು ಹಾಗೇ ಕಿತ್ತು ಇನ್ನೊಂದು ಮನೆಯ ಟೈಲ್ಸ್ ಗೋಡೆಗೆ ಅಂಟಿಸಿದರೆ ಗೆರೆಗೆ ಗೆರೆ ಕೂಡುವುದು ಅಪರೂಪ. ಜೆಪೆಗ್‌ನ ಚೌಕಗಳೂ ಹಾಗೇ. ಹಕ್ಕಿಯನ್ನು ತಂದ ಚಿತ್ರಕ್ಕೂ ತನ್ನದೇ 8 ಪಿಕ್ಸೆಲ್ ಚೌಕಗಳು ಇದ್ದವು. ಅಂಟಿಸುವಾಗ ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಎಂಟೆಂಟರ ಲೆಕ್ಕಕ್ಕೆ ಕೂತರೆ ಮಾತ್ರ ಗೆರೆ ಕೂಡುತ್ತದೆ. ಕಣ್ಣಂದಾಜಿನಲ್ಲಿ ಇಟ್ಟರೆ ಅದರ ಸಾಧ್ಯತೆ 64ರಲ್ಲಿ ಒಂದು. ಈ ಗೆರೆಗಳು ಹಕ್ಕಿಯ ಗರಿಯಲ್ಲಿ ಕಾಣುವುದಿಲ್ಲ, ಅಲ್ಲಿ ವಿವರ ಹೆಚ್ಚು. ನಯವಾದ ಆಕಾಶದಲ್ಲಿ ಕಾಣುತ್ತವೆ. ಹಕ್ಕಿಯನ್ನು ಕತ್ತರಿಸುವವರು ಸಾಮಾನ್ಯವಾಗಿ ಹೊರಗಿನ ಅಂಚನ್ನು ಚೆನ್ನಾಗಿಯೇ ಸವರುತ್ತಾರೆ. ಆದರೆ ಕಾಲುಗಳ ಸಂದಿ, ಕತ್ತಿನ ಕೆಳಗಿನ ಬಾಗು, ರೆಕ್ಕೆಯ ಕೆಳಗಿನ ತ್ರಿಕೋನ, ಇಂಥ ಕಡೆ ಹಳೆಯ ಆಕಾಶ ಸ್ವಲ್ಪ ಜೊತೆಗೇ ಬಂದಿರುತ್ತದೆ. ಬಣ್ಣ ಹೊಂದಿಸಿದರೆ ಬರಿಗಣ್ಣಿಗೆ ತಿಳಿಯುವುದಿಲ್ಲ.

ಜಿಂಪ್ ಉಚಿತ ತಂತ್ರಾಂಶ, ಅದರಲ್ಲೇ ನೋಡಬಹುದು. ಫೈಲು ತೆರೆದು, ಗ್ರಿಡ್ ಅಂತರವನ್ನು 8ಕ್ಕೆ 8 ಎಂದು ಇಟ್ಟು, ಗ್ರಿಡ್ ಕಾಣುವಂತೆ ಮಾಡಿ. ಹಕ್ಕಿಯ ಪಕ್ಕದ ಆಕಾಶಕ್ಕೆ ಹೋಗಿ 800 ಪ್ರತಿಶತ ಹಿಗ್ಗಿಸಿ. ಆಮೇಲೆ ಲೆವೆಲ್ಸ್‌ನ ಕಪ್ಪು, ಬಿಳಿ ಎರಡೂ ಗುಂಡಿಗಳನ್ನು ಅಲ್ಲಿನ ಗ್ರಾಫಿನಲ್ಲಿ ಆಕಾಶದ ಬಣ್ಣ ಇರುವ ಸಣ್ಣ ಗುಡ್ಡದ ಎರಡೂ ಬದಿಗೆ ಒತ್ತಿ ತನ್ನಿ. ಹಕ್ಕಿ ಹೋಗಲಿ, ಅದು ಬರೀ ಕಪ್ಪು ಕಲೆ ಆಗುತ್ತದೆ. ಆಕಾಶದ ಸಣ್ಣ ಸಣ್ಣ ಏರಿಳಿತಗಳು ಮಾತ್ರ ಮೇಲೆ ಬರುತ್ತವೆ.

ನಿಮ್ಮ ಚಿತ್ರದಲ್ಲಿ ಹೀಗೆ ಮಾಡಿದಾಗ ದೂರದ ಆಕಾಶ ಸಣ್ಣ ಮರಳಿನಂತೆ ಕಂಡಿತು. ಅದು ಕ್ಯಾಮೆರಾದ ನಾಯ್ಸ್. ಅಲ್ಲಲ್ಲಿ ತೀರಾ ಮಸುಕಾಗಿ ಚೌಕದ ಅಂಚುಗಳು. ಅವು ನನ್ನ ಗ್ರಿಡ್ ಗೆರೆಯ ಮೇಲೆಯೇ ಬಿದ್ದವು, ಅಡ್ಡಲಾಗಿ 2400, 2408, 2416 ಹೀಗೆ. ರೆಕ್ಕೆಯ ಕೆಳಗಿನ ತ್ರಿಕೋನಕ್ಕೆ ಬಂದರೆ ಮರಳೇ ಇಲ್ಲ. ಅದರ ಬದಲು ಒಂದೊಂದೂ ಒಂದೇ ಬಣ್ಣದ ದಪ್ಪ ಚೌಕಗಳು, ಅಂಚು ಸ್ವಲ್ಪ ಕದಡಿದಂತೆ. ಅವು ಗ್ರಿಡ್‌ಗೆ ಹೊಂದುತ್ತಿರಲಿಲ್ಲ. ಅಂಚಿನಿಂದ ಅಂಚಿಗೆ ಎಣಿಸಿದೆ: 12 ಪಿಕ್ಸೆಲ್, ಮತ್ತೆ 12, ಮತ್ತೆ 12. ಕೆಳಮುಖವಾಗಿ ಎಣಿಸಿದರೂ 12. ಕತ್ತಿನ ಬಾಗಿನಲ್ಲೂ ಅದೇ ಅಳತೆ.

ಸಾಮಾನ್ಯ ಜೆಪೆಗ್‌ನಲ್ಲಿ ಬೆಳಕಿನ ಚೌಕ 8 ಪಿಕ್ಸೆಲ್. ಬಣ್ಣದ ಪದರದಲ್ಲಿ ಅರ್ಧ ಅಳತೆ ಇರುವುದರಿಂದ 16ರ ಹೆಜ್ಜೆ ಕಾಣಬಹುದು. 12 ತಾನಾಗಿ ಬರುವುದಿಲ್ಲ. 8 ಪಿಕ್ಸೆಲ್ ಚೌಕಗಳಿದ್ದ ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಿದರೆ 12 ಬರುತ್ತದೆ. ಅಂದರೆ ಹಕ್ಕಿ ಚೆನ್ನಾಗಿ ಒತ್ತಿ ಚಿಕ್ಕದು ಮಾಡಿದ ಯಾವುದೋ ಜೆಪೆಗ್‌ನಲ್ಲಿತ್ತು. ನೆಟ್‌ನಿಂದಲೋ ಮೊಬೈಲ್ ಫಾರ್ವರ್ಡಿನಿಂದಲೋ ಬಂದದ್ದಿರಬಹುದು, ಅದನ್ನು ನಾನು ಹೇಳಲಾರೆ. ಅದನ್ನು 150 ಪ್ರತಿಶತ ಹಿಗ್ಗಿಸಿ, ಒಳ್ಳೆ ಕ್ಯಾಮೆರಾದ ನಯವಾದ ಆಕಾಶದ ಮೇಲೆ ಇಟ್ಟಿದ್ದಾರೆ. ಅಂತಿಮ ಸೇವ್ ಒಳ್ಳೆ ಕ್ವಾಲಿಟಿಯಲ್ಲಿ ಆಗಿರುವುದರಿಂದ ಹಳೆಯ ದಪ್ಪ ಚೌಕಗಳು ಸವೆಯದೆ ಹಾಗೇ ಉಳಿದಿವೆ. ಅವರು ಕಳಪೆ ಕ್ವಾಲಿಟಿಯಲ್ಲಿ ಸೇವ್ ಮಾಡಿದ್ದರೆ ನಮಗೆ ಇದು ಸಿಗುತ್ತಲೇ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಚೌಕಗಳು ಗ್ರಿಡ್‌ಗೆ ಹೊಂದದಿದ್ದ ಮಾತ್ರಕ್ಕೆ ಅಂಟಿಸಿದ್ದು ಎನ್ನಬೇಡಿ. ಜೆಪೆಗ್ ಚಿತ್ರವನ್ನು ಕ್ರಾಪ್ ಮಾಡಿ ಮತ್ತೆ ಸೇವ್ ಮಾಡಿದರೆ ಹೊಸ ಮೂಲೆಯಿಂದ ಹೊಸ ಲೆಕ್ಕ ಶುರುವಾಗುತ್ತದೆ, ಹಳೆಯ ಚೌಕಗಳೆಲ್ಲ ಪಕ್ಕಕ್ಕೆ ಸರಿದಂತೆ ಕಾಣುತ್ತವೆ. ಇಡೀ ಚಿತ್ರವನ್ನು ಹಿಗ್ಗಿಸಿದರೂ ಇಡೀ ಚಿತ್ರದಲ್ಲಿ 12 ಬರುತ್ತದೆ. ಆದರೆ ಅದು ಎಲ್ಲ ಕಡೆ ಒಂದೇ ಥರ ಇರುತ್ತದೆ. ಒಂದು ಭಾಗದಲ್ಲಿ 12, ಉಳಿದೆಡೆ 8, ಮತ್ತು ಗಡಿ ಸರಿಯಾಗಿ ಹಕ್ಕಿಯ ಸುತ್ತ: ಇದಕ್ಕೆ ನನಗೆ ಬೇರೆ ಕಾರಣ ಹೊಳೆಯುತ್ತಿಲ್ಲ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ, ಅದು ಸೋತಿತು. ಅದು ಯಾಕೆ ಸೋತಿತು ಎನ್ನುವುದೂ ನಿಮಗೆ ಗೊತ್ತಿರಲಿ. ಹ್ಯಾನಿ ಫರೀದ್ 2009ರಲ್ಲಿ ವಿವರಿಸಿದ 'ಜೆಪೆಗ್ ಘೋಸ್ಟ್' ವಿಧಾನ ಅದು. ಚಿತ್ರವನ್ನು ಒಂದೇ ಕ್ವಾಲಿಟಿಯಲ್ಲಿ ಅಲ್ಲ, ಬೇರೆ ಬೇರೆ ಕ್ವಾಲಿಟಿಗಳಲ್ಲಿ ಸೇವ್ ಮಾಡುತ್ತಾ ಪ್ರತಿ ಸಲ ವ್ಯತ್ಯಾಸ ತೆಗೆಯುವುದು:

```
for q in 50 55 60 65 70 75 80 85 90; do
  magick entry.jpg -quality $q r.jpg
  magick entry.jpg r.jpg -compose difference -composite -evaluate multiply 20 g$q.png
done
```

ಅಂಟಿಸಿದ ಭಾಗ ಹಿಂದೆ 65ರಲ್ಲಿ ಸೇವ್ ಆಗಿದ್ದರೆ, 65ರ ಸರದಿ ಬಂದಾಗ ಅದು ಹೆಚ್ಚು ಬದಲಾಗುವುದಿಲ್ಲ. ಆಗಲೇ ಆ ಮಗ್ಗಿಗೆ ಒಗ್ಗಿಕೊಂಡಿದೆಯಲ್ಲ. ಸುತ್ತಲಿನದು ಬೆಳ್ಳಗಿದ್ದಾಗ ಆ ಭಾಗ ಮಾತ್ರ ಕಪ್ಪು ನೆರಳಿನಂತೆ ಎದ್ದು ಕಾಣುತ್ತದೆ, ಮುಂದಿನ ಚಿತ್ರಗಳಲ್ಲಿ ಮತ್ತೆ ಮರೆಯಾಗುತ್ತದೆ. ಕಂಡರೆ ತುಂಬ ಗಟ್ಟಿ ಸುಳಿವು. ಆದರೆ ಅದು ಕಾಣಬೇಕಾದರೆ ತಂದ ಭಾಗದ ಹಳೇ ಕ್ವಾಲಿಟಿ ಅಂತಿಮ ಕ್ವಾಲಿಟಿಗಿಂತ ಕಡಿಮೆ ಇರಬೇಕು, ಚೌಕಗಳು ಗ್ರಿಡ್‌ಗೆ ಕೂಡಬೇಕು, ಕೂಡದಿದ್ದರೆ ಚಿತ್ರವನ್ನು ಒಂದೊಂದು ಪಿಕ್ಸೆಲ್ ಸರಿಸುತ್ತಾ 64 ಬಗೆಯಲ್ಲೂ ನೋಡಬೇಕು. ಹಿಗ್ಗಿಸಿಬಿಟ್ಟರಂತೂ ಪಿಕ್ಸೆಲ್‌ಗಳ ಬೆಲೆಯೇ ಹೊಸದಾಗಿ ಹುಟ್ಟುತ್ತದೆ, ಹಳೇ ಮಗ್ಗಿ ಉಳಿಯುವುದಿಲ್ಲ. ನಿಮ್ಮ ಚಿತ್ರದಲ್ಲಿ ಆದದ್ದು ಇದೇ. ಒಂಬತ್ತು ಚಿತ್ರಗಳಲ್ಲೂ ಹಕ್ಕಿ ಎಲ್ಲೂ ನೆರಳಾಗಲಿಲ್ಲ. ಈ ಒಂದೇ ಪರೀಕ್ಷೆ ಮಾಡಿದವರು 'ಚಿತ್ರ ಚೊಕ್ಕ' ಎಂದು ಸರ್ಟಿಫಿಕೇಟ್ ಕೊಟ್ಟುಬಿಡುತ್ತಿದ್ದರು.

ಕಂಪ್ರೆಷನ್‌ಗೆ ಸಂಬಂಧವಿಲ್ಲದ ಒಂದು ಮಾತು. ಶಿವಡಿ ಜೆಟ್ಟಿಯಲ್ಲಿ ನಿಂತು ಬೆಳಿಗ್ಗೆ ಖಾಡಿಯ ಕಡೆ ಕ್ಯಾಮೆರಾ ತಿರುಗಿಸಿದರೆ ಮುಖ ಪೂರ್ವಕ್ಕೆ, ಸೂರ್ಯ ಎದುರಿಗೆ. ಹಿಂದಿನ ಸಾಲಿನ ಹಕ್ಕಿಗಳು ಅದಕ್ಕೇ ಕಪ್ಪು ನೆರಳಾಗಿವೆ, ಅಟಲ್ ಸೇತುವೆಯೂ ಬರೀ ಗೆರೆ. ದೊಡ್ಡ ಹಕ್ಕಿಯ ಎದೆ ಮಾತ್ರ ನಮ್ಮ ಕಡೆಯಿಂದ ಬೆಳಕು ಬಿದ್ದಂತೆ ಗುಲಾಬಿಯಾಗಿ ಬೆಳಗುತ್ತಿದೆ. ನಿಮ್ಮ ತೀರ್ಪುಗಾರರ ಕಣ್ಣಿಗೆ ಚುಚ್ಚಿದ್ದು ಬಹುಶಃ ಇದು. ಅವರು ಹೇಳಿದ ಇನ್ನೊಂದು ಕಾರಣವನ್ನು, ಅಂದರೆ ಹಿಂದಿನವು ಚಿಕ್ಕ ಜಾತಿಯ ಫ್ಲೆಮಿಂಗೊ, ಮುಂದಿನದು ದೊಡ್ಡ ಜಾತಿಯದು ಎನ್ನುವುದನ್ನು, ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಠಾಣೆ ಖಾಡಿಯಲ್ಲಿ ಎರಡೂ ಜಾತಿ ಬರುತ್ತವೆ, ಬೆರೆತೂ ಇರುತ್ತವೆ.

ಈಗ ನಿಮ್ಮ ಹಳೇ ಸದಸ್ಯರ ಜೊತೆ ಮಾತಾಡುವುದು ಹೇಗೆ? 12 ಪಿಕ್ಸೆಲ್ ಲೆಕ್ಕ ಹಿಡಿದು ಹೋಗಬೇಡಿ. ಬಹುಮಾನದ ಸುತ್ತಿಗೆ ಬಂದ ಎಲ್ಲರಿಗೂ ಒಂದೇ ಮೇಲ್ ಕಳಿಸಿ: ಕ್ಯಾಮೆರಾದ ಮೂಲ ಫೈಲು, ಅದರ ಹಿಂದಿನ ಮತ್ತು ಮುಂದಿನ ಕ್ಲಿಕ್ಕುಗಳು, ಇಷ್ಟನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು. ಹಾರುವ ಹಕ್ಕಿ ತೆಗೆಯುವವರು ಒಂದೇ ಕ್ಲಿಕ್ ಮಾಡುವುದಿಲ್ಲ, ಪಟಪಟನೆ ಹತ್ತು ಒತ್ತುತ್ತಾರೆ. ಹಿಂದಿನ ಕ್ಲಿಕ್ಕಿನಲ್ಲಿ ಆ ಹಕ್ಕಿ ಒಂದು ರೆಕ್ಕೆ ಹಿಂದೆ ಇರಲೇಬೇಕು. ಫೈಲು ಅಳಿಸಿಹೋಯಿತು ಎಂದರೆ ಅದನ್ನು ತಪ್ಪೊಪ್ಪಿಗೆ ಎಂದು ಓದಬೇಡಿ, ಕಾರ್ಡ್ ಫಾರ್ಮ್ಯಾಟ್ ಮಾಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಮೂಲ ಇಲ್ಲದ ಚಿತ್ರಕ್ಕೆ ನಿಸರ್ಗ ವಿಭಾಗದಲ್ಲಿ ಬಹುಮಾನ ಇಲ್ಲ ಎನ್ನುವ ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಯಾರ ಮೇಲೂ ಆರೋಪ ಹೊರಿಸಿದಂತೆ ಆಗುವುದಿಲ್ಲ.

ಮೊದಲೇ ಬರೆದಿದ್ದರೆ ತಪ್ಪಾಗುತ್ತಿತ್ತೇ ಎನ್ನುವ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲೇ ಮುಖ್ಯವಾದದ್ದು. ನಿಸರ್ಗ ವಿಭಾಗದಲ್ಲಿ ಬರೆದಿದ್ದರೂ ನಡೆಯುತ್ತಿರಲಿಲ್ಲ. ಫಿಯಾಪ್‌ನಂಥ ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಘಟನೆಗಳ ನಿಸರ್ಗ ವಿಭಾಗದ ವ್ಯಾಖ್ಯೆಯಲ್ಲಿ ಕ್ರಾಪ್, ಬೆಳಕು ತಿದ್ದುವುದು, ಧೂಳಿನ ಚುಕ್ಕೆ ತೆಗೆಯುವುದು ಸರಿ. ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ತೆಗೆಯುವುದು ಇಲ್ಲ. ಆದರೆ ಸೃಜನಶೀಲ ವಿಭಾಗದಲ್ಲಿ ಇದೇ ಚಿತ್ರ, 'ಎರಡು ಫೋಟೊ ಸೇರಿಸಿ ಮಾಡಿದ್ದು' ಎಂಬ ಒಂದು ಸಾಲಿನ ಜೊತೆ, ನಿಶ್ಚಿಂತೆಯಿಂದ ಕೂರುತ್ತಿತ್ತು. ಆ ಇನ್ನೊಂದು ಫೋಟೊ ಅವರದೇ ಆಗಿರಬೇಕು ಎನ್ನುವುದು ಬೇರೆ ಮಾತು. ಬೇರೆಯವರ ಹಕ್ಕಿಯಾದರೆ ಒಂದು ಸಾಲು ಬರೆದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

ಹೇಳಿಕೊಳ್ಳುವುದನ್ನು ನಾನು ಒತ್ತಿ ಹೇಳಲು ಕಾರಣ, ನಮ್ಮ ಪರೀಕ್ಷೆಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಸುಳಿವು ಸಿಕ್ಕರೆ ಏನೋ ಆಗಿದೆ ಎನ್ನಬಹುದು. ಸಿಗದಿದ್ದರೆ ಏನೂ ಆಗಿಲ್ಲ ಎನ್ನಲು ಬರುವುದಿಲ್ಲ. ಆ ಹಕ್ಕಿ ಇನ್ನೊಂದು ರಾ ಫೈಲಿನಿಂದ ಬಂದಿದ್ದರೆ ಅದಕ್ಕೆ ಹಳೇ ಚೌಕವೇ ಇರುತ್ತಿರಲಿಲ್ಲ, ನಾನು ಆಕಾಶವನ್ನು ಎಷ್ಟು ಹಿಗ್ಗಿಸಿದರೂ ಅಷ್ಟೇ. ಮಾಡಿದವರಿಗೆ ಮಾತ್ರ ಗೊತ್ತಿರುವ ವಿಷಯ ಅದು.

ಇದರ ಇನ್ನೊಂದು ಮಗ್ಗುಲು ನಿಮ್ಮದೇ ಸ್ಪರ್ಧೆಯಲ್ಲಿದೆ. ಹೋಲಿಸಲಿಕ್ಕೆಂದು ನೀವು ಕಳಿಸಿದ ಇನ್ನೊಂದು ಚಿತ್ರವಿದೆಯಲ್ಲ, ಮಿಂಚುಳ್ಳಿಯದು. ಅದರಲ್ಲೂ ಹಕ್ಕಿಯ ಮೈಮೇಲೆ ಮರಳಿನಂಥ ನಾಯ್ಸ್, ಹಿನ್ನೆಲೆಯಲ್ಲಿ ನುಣ್ಣಗೆ. ಎರರ್ ಲೆವೆಲ್‌ನಲ್ಲಿ ಹಕ್ಕಿ ಕತ್ತರಿಸಿ ಇಟ್ಟಂತೆ ಹೊಳೆಯುತ್ತದೆ. ನೋಡಿದರೆ ಫ್ಲೆಮಿಂಗೊಗಿಂತ ಇದೇ ಕಳ್ಳ ಎನ್ನಬೇಕು! ಆದರೆ ಅವರು ಫಾರಮ್ಮಿನ ಕೆಳಗೆ ತಾವಾಗಿಯೇ 'ಹಿನ್ನೆಲೆಗೆ ಮಾತ್ರ ನಾಯ್ಸ್ ರಿಡಕ್ಷನ್, ಹಕ್ಕಿಗೆ ಶಾರ್ಪನಿಂಗ್' ಎಂದು ಬರೆದಿದ್ದಾರೆ. ಕಂಡ ಗುರುತುಗಳೆಲ್ಲ ಆ ಒಂದು ಸಾಲಿಗೆ ಹೊಂದುತ್ತವೆ, ಚೌಕಗಳೂ ಎಲ್ಲ ಕಡೆ ಗ್ರಿಡ್‌ನ ಮೇಲೆಯೇ ಇವೆ. ಎರಡು ನಿಮಿಷದಲ್ಲಿ ಅನುಮಾನ ಕಳೆಯಿತು. ಬರೆಯದೇ ಇದ್ದಿದ್ದರೆ ಪಾಪ, ಅವರನ್ನೂ ಸಮಿತಿಯ ಮುಂದೆ ನಿಲ್ಲಿಸುತ್ತಿದ್ದರು.

ಹೇಳದೆ ಬಿಟ್ಟರೆ ಸಣ್ಣ ತಿದ್ದುಪಡಿಯೂ ದೊಡ್ಡದಾಗುತ್ತದೆ. 2024ರ ಮಾರ್ಚ್ 10ರಂದು ಬ್ರಿಟನ್ನಿನ ವೇಲ್ಸ್ ರಾಜಕುಮಾರಿ ಕೇಟ್ ತಮ್ಮ ಮಕ್ಕಳ ಜೊತೆಗಿರುವ ಚಿತ್ರವೊಂದನ್ನು ಅರಮನೆಯವರು ಬಿಡುಗಡೆ ಮಾಡಿದರು. ಮಗಳ ಅಂಗಿಯ ತೋಳಿನ ಅಂಚು ಒಂದು ಕಡೆ ಕೂಡಿರಲಿಲ್ಲ. ಎಪಿ, ರಾಯಿಟರ್ಸ್, ಎಎಫ್‌ಪಿ ಅದೇ ದಿನ ಚಿತ್ರವನ್ನು ಹಿಂದಕ್ಕೆ ತೆಗೆದುಕೊಂಡವು. ಎಡಿಟಿಂಗ್ ಮಾಡಿದ್ದು ತಾವೇ ಎಂದು ಮರುದಿನ ಕೇಟ್ ಹೇಳಿ ಕ್ಷಮೆ ಕೇಳಿದರು. ಸುದ್ದಿಸಂಸ್ಥೆಗಳು ಬೆಳಕು ತಿದ್ದುವುದನ್ನು, ಕ್ರಾಪ್ ಮಾಡುವುದನ್ನು ಒಪ್ಪುತ್ತವೆ. ಚಿತ್ರದೊಳಗಿನ ವಸ್ತುವನ್ನು ಮುಟ್ಟಿದ್ದಾರೆ, ಮುಟ್ಟಿದ್ದನ್ನು ತಮಗೆ ಹೇಳಿಲ್ಲ ಎನ್ನುವುದು ಅವರ ತಕರಾರು. ಒಂದು ತೋಳು ಹೀಗಾದರೆ ಉಳಿದದ್ದರಲ್ಲಿ ಯಾವುದನ್ನು ನಂಬುವುದು ಎಂಬ ಪ್ರಶ್ನೆಗೆ ಪಿಕ್ಸೆಲ್‌ಗಳಲ್ಲಿ ಉತ್ತರ ಇರಲಿಲ್ಲ.

ನಿಮ್ಮ ಸ್ಪರ್ಧೆಯ ಕರಪತ್ರವನ್ನೂ ಓದಿದೆ. 'ಚಿತ್ರ ಸ್ವಂತದ್ದಾಗಿರಬೇಕು' ಎಂದಿದೆ, ಎಡಿಟಿಂಗ್ ಬಗ್ಗೆ ಒಂದಕ್ಷರವಿಲ್ಲ. ಕೇಳದೇ ಇದ್ದದ್ದನ್ನು ಹೇಳಲಿಲ್ಲ ಎಂದು ಆ ಹಿರಿಯರನ್ನು ದೂರುವುದು ನ್ಯಾಯವಲ್ಲ. ಮುಂದಿನ ಫಾರಮ್ಮಿನಲ್ಲಿ 'ಎಡಿಟ್ ಮಾಡಿದ್ದೀರಾ, ಹೌದು ಅಥವಾ ಇಲ್ಲ' ಎಂದು ಕೇಳಬೇಡಿ. ಕ್ರಾಪ್ ಮಾಡಿದವರೂ ಹೆದರಿ 'ಇಲ್ಲ' ಎಂದು ಗುರುತು ಹಾಕುತ್ತಾರೆ. ಮೂರು ಖಾಲಿ ಸಾಲು ಕೊಡಿ. ಬೆಳಕು, ಬಣ್ಣ, ಕ್ರಾಪ್‌ನಲ್ಲಿ ಏನು ಮಾಡಿದಿರಿ? ಏನನ್ನಾದರೂ ತೆಗೆದಿದ್ದೀರಾ, ಏನನ್ನು? ಬೇರೆ ಚಿತ್ರದಿಂದ ಏನನ್ನಾದರೂ ತಂದಿದ್ದೀರಾ, ಆ ಚಿತ್ರ ಯಾರದು? ಬಹುಮಾನದ ಸುತ್ತಿಗೆ ಬಂದವರು ಮೂಲ ಫೈಲು ಕೊಡಬೇಕು ಎನ್ನುವುದನ್ನು ಕರಪತ್ರದಲ್ಲೇ ಅಚ್ಚು ಹಾಕಿಸಿ. ಬಂದ ಫೈಲುಗಳನ್ನು ಯಾರೂ ತೆರೆದು ಮತ್ತೆ ಸೇವ್ ಮಾಡದಂತೆ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ತೆಗೆದಿಡಿ, ಯಾಕೆಂದರೆ ಮತ್ತೆ ಸೇವ್ ಆದರೆ ಈ ಚೌಕಗಳೆಲ್ಲ ಕದಡುತ್ತವೆ.

ಈ ವರ್ಷದ ಮಟ್ಟಿಗೆ, ಕ್ಯಾಮೆರಾದ ಮೂಲ ಫೈಲು ಬರಲಿ. ಅದರಲ್ಲಿ ಹಕ್ಕಿ ಇದ್ದರೆ ನನ್ನ ಲೆಕ್ಕವನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಬಹುಮಾನ ಕೊಡಿ. ಇಲ್ಲದಿದ್ದರೆ, ಹಕ್ಕಿಯ ಚಿತ್ರವೂ ಅವರದೇ ಆಗಿದ್ದರೆ, ಚಿತ್ರವನ್ನು ಸೃಜನಶೀಲ ವಿಭಾಗಕ್ಕೆ ವರ್ಗಾಯಿಸಲು ಅವರನ್ನೇ ಕೇಳಿ. ಪ್ರದರ್ಶನದಲ್ಲಿ ಶೀರ್ಷಿಕೆಯ ಕೆಳಗೆ 'ಎರಡು ಚಿತ್ರಗಳ ಸಂಯೋಜನೆ' ಎಂದು ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿಸಿ.